‘ವಂಶವೃಕ್ಷ’ ಎಂಬ ಹೆಸರು ಮಗುಚಿಕೊಳ್ಳುವುದು ಎಲ್ಲಿ?

ಕಪಿಲಾತೀರ

ಭೈರಪ್ಪನವರ ‘ವಂಶವೃಕ್ಷ’ವನ್ನು ನೆನ್ನೆ ಮುಗಿಸಿದೆ. ಕಥೆಯ ಕೊನೆಯನ್ನು ಇಲ್ಲಿ ಬಿಚ್ಚಿ ಮಾತನಾಡಲಿದ್ದೇನೆ, ಓದದವರು ಇಲ್ಲಿಗೇ ನಿಲ್ಲಬಹುದು.

ಪುಸ್ತಕ ಹಿಡಿದಾಗ ಹೆಸರಿನ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮನೆ, ಕಪಿಲೆಯ ಪ್ರವಾಹದಲ್ಲಿ ಸತ್ತುಹೋದ ಒಬ್ಬನೇ ಮಗ ನಂಜುಂಡ, ಎಳೆಯ ವಯಸ್ಸಿನ ವಿಧವೆ ಸೊಸೆ ಕಾತ್ಯಾಯನಿ, ತೊಟ್ಟಿಲಿನಲ್ಲಿರುವ ಮೊಮ್ಮಗ ಚೀನಿ. ಮರದ ಒಂದು ಕೊಂಬೆ ಮುರಿದಿದೆ, ಚಿಗುರೊಂದು ಉಳಿದಿದೆ, ಅದನ್ನು ಕಾಪಾಡಬೇಕು. ಹೆಸರು ಇದನ್ನೇ ಹೇಳುತ್ತಿದೆ ಎಂದುಕೊಂಡು ಓದುತ್ತಾ ಹೋದೆ. ಕೊನೆಯ ಹೊತ್ತಿಗೆ ಶ್ರೋತ್ರಿಗಳು ಮನೆಯ ಹಳೆಯ ಕಾಗದಪತ್ರಗಳನ್ನು ತೆಗೆದು ನೋಡುತ್ತಾರೆ, ತಾವೇ ಆ ಮರದಲ್ಲಿ ಹುಟ್ಟಿದವರಲ್ಲ ಎಂದು ತಿಳಿಯುತ್ತದೆ. ಅಲ್ಲಿಂದ ಮುಂದೆ ಹೊದಿಕೆಯ ಮೇಲಿನ ಅದೇ ಹೆಸರು ಅಣಕದಂತೆ ಕಾಣತೊಡಗಿತು.

ನನ್ನ ಪ್ರಶ್ನೆ ಇದು. ಹೆಸರು ಮಗುಚಿಕೊಳ್ಳುವುದು ಆ ಕಾಗದ ಸಿಕ್ಕ ಗಳಿಗೆಯಲ್ಲೇ? ಹಾಗಿದ್ದರೆ ಇದು ಪತ್ತೇದಾರಿ ಕಥೆಯ ಕೊನೆಯ ತಿರುವಿಗಿಂತ ಹೇಗೆ ಬೇರೆ? ಮೊದಲಿನಿಂದಲೇ ಹೆಸರು ಸದ್ದಿಲ್ಲದೆ ಬದಲಾಗುತ್ತಿತ್ತು, ನಾನು ಗಮನಿಸಲಿಲ್ಲ ಎನ್ನುವುದಾದರೆ ಎಲ್ಲಿ ಎಂದು ತೋರಿಸಿ.

ಓದುಗಬ್ಬ

ಇದರಲ್ಲಿ ಅಂಥ ಒಗಟೇನಿದೆ? ಅದೇ 1965ರಲ್ಲಿ ಬಂದ ‘ಸಂಸ್ಕಾರ’ದಲ್ಲೂ ಇದೇ ಉಪಾಯವಿದೆ. ಮೊದಲಿಗೆ ಹೆಣದ ಸಂಸ್ಕಾರ, ಕೊನೆಗೆ ಪ್ರಾಣೇಶಾಚಾರ್ಯನ ಒಳಗಿನ ಸಂಸ್ಕಾರ. ಎರಡರ್ಥದ ಹೆಸರಿಡುವುದು ಆ ಕಾಲದ ನವ್ಯರ ರೂಢಿ.

ಹಳೆಯ ಮೇಷ್ಟರು

ಓದುಗಬ್ಬ ಅವರೇ, ಭೈರಪ್ಪನವರನ್ನು ನವ್ಯರ ಪಂಕ್ತಿಯಲ್ಲಿ ಕೂರಿಸಿದರೆ ಎರಡು ಕಡೆಯವರೂ ನಿಮ್ಮ ಮೇಲೆ ಜಗಳಕ್ಕೆ ಬರುತ್ತಾರೆ. ಅದಿರಲಿ. ‘ಸಂಸ್ಕಾರ’ದ ಹೋಲಿಕೆ ಅರ್ಧ ದಾರಿಗೆ ಸರಿ, ಅಷ್ಟೇ. ಅಲ್ಲಿ ಹಲವು ಅರ್ಥಗಳು ಆ ಪದದ ಹೊಟ್ಟೆಯಲ್ಲೇ ಇವೆ, ಕಥೆ ಒಂದೊಂದಾಗಿ ಹೊರಗೆ ತೆಗೆಯುತ್ತದೆ. ‘ವಂಶವೃಕ್ಷ’ಕ್ಕೆ ಮೊದಲ ಪುಟದಲ್ಲೂ ಕೊನೆಯ ಪುಟದಲ್ಲೂ ಇರುವುದು ಒಂದೇ ಅರ್ಥ. ಬದಲಾಗುವುದು ಅದನ್ನು ನಂಬಲು ನಮಗಿದ್ದ ಕಾರಣ.

ಕಪಿಲಾತೀರ ಅವರು ಎಲ್ಲಿ ಎಂದು ಕೇಳಿದ್ದಾರೆ. ಮೊದಲು ಹೆಸರುಗಳನ್ನು ನೋಡಿ. ಶ್ರೋತ್ರಿಗಳ ತಂದೆ ನಂಜುಂಡ ಶ್ರೋತ್ರಿ. ಅವರ ಮಗ ಶ್ರೀನಿವಾಸ. ಶ್ರೀನಿವಾಸರ ಮಗ ಮತ್ತೆ ನಂಜುಂಡ. ಅವನ ಮಗ ಚೀನಿ, ಅಂದರೆ ಮತ್ತೆ ಶ್ರೀನಿವಾಸ. ಅಜ್ಜನ ಹೆಸರು ಮೊಮ್ಮಗನಿಗೆ ಎಂಬ ನಮ್ಮ ಮನೆಗಳ ಪದ್ಧತಿಯೇ ಇದು, ಆದ್ದರಿಂದ ಯಾರೂ ತಡೆದು ನೋಡುವುದಿಲ್ಲ. ಆದರೆ ಎರಡು ಹೆಸರುಗಳು ಹೀಗೆ ಸರದಿಯಲ್ಲಿ ಬರುತ್ತಿದ್ದರೆ ರಕ್ತವೂ ಹಾಗೆಯೇ ಹರಿದುಬಂದಿದೆ ಎಂದು ಓದುಗ ತಾನಾಗಿಯೇ ನಂಬುತ್ತಾನೆ. ಕೊನೆಯಲ್ಲಿ ತಿಳಿಯುವ ಸಂಗತಿಯೆಂದರೆ ಹೆಸರಿನ ಸರಪಳಿ ಎಲ್ಲಿಯೂ ಕಡಿದಿಲ್ಲ, ರಕ್ತದ್ದು ಮಾತ್ರ ತಲೆಮಾರುಗಳ ಹಿಂದೆಯೇ ಕಡಿದಿತ್ತು.

ಎರಡನೆಯದು, ಕಾತ್ಯಾಯನಿ ಕಾಲೇಜಿನ ಅಧ್ಯಾಪಕ ರಾಜನನ್ನು ಮದುವೆಯಾಗಲು ಹೊರಟಾಗ ಮಗುವಿನ ವಿಷಯ ಬರುವ ಭಾಗ. ಅದನ್ನು ದಯವಿಟ್ಟು ಇನ್ನೊಮ್ಮೆ ಓದಿ. ಮಗು ತಾಯಿಯದೋ ವಂಶದ್ದೋ ಎಂಬುದು ಅಲ್ಲಿಯ ವಾದ. ಶ್ರೋತ್ರಿಗಳು ಗದರಿಸಿ ಮಗುವನ್ನು ಕಿತ್ತುಕೊಳ್ಳುವುದಿಲ್ಲ. ತೀರ್ಮಾನವನ್ನು ಅವಳಿಗೇ ಬಿಡುತ್ತಾರೆ, ಅವಳು ಮಗುವನ್ನು ಬಿಟ್ಟು ಹೊರಡುತ್ತಾಳೆ. ಆ ದೃಶ್ಯದ ಬಲ ಇರುವುದೇ ಇಲ್ಲಿ: ಆ ಮನೆಗೆ ಒಂದು ವಂಶವಿದೆ, ಮಗು ಅದಕ್ಕೆ ಸೇರಿದ್ದು ಎಂಬುದನ್ನು ಅವಳೂ ಒಳಗೊಳಗೇ ಒಪ್ಪಿರುತ್ತಾಳೆ. ನಾವೂ ಒಪ್ಪಿರುತ್ತೇವೆ. ಕಾಗದ ಸಿಕ್ಕಾಗ ಸುಳ್ಳಾಗುವುದು ಶ್ರೋತ್ರಿಗಳ ಹುಟ್ಟು ಮಾತ್ರವಲ್ಲ, ಅವಳು ಮಗುವನ್ನು ಬಿಟ್ಟುಹೋಗಲು ಇದ್ದ ಕಾರಣವೂ. ಪತ್ತೇದಾರಿ ಕಥೆಯ ತಿರುವು ಮುಂದಿನದನ್ನು ಬದಲಿಸುತ್ತದೆ. ಇದು ಹಿಂದೆ ಆಗಿಹೋದದ್ದನ್ನು ಬದಲಿಸುತ್ತದೆ.

ಖಾತೆ ಅಲೆದಾಟ

ವಂಶವೃಕ್ಷದ ವಿಷಯ ಎಂದು ಕಂಡದ್ದರಿಂದ ಕೇಳುತ್ತಿದ್ದೇನೆ. ತಂದೆಯವರು ತೀರಿಕೊಂಡ ನಂತರ ಪೌತಿ ಖಾತೆಗೆ ಅರ್ಜಿ ಹಾಕಿದ್ದೇವೆ. ನಾಡಕಚೇರಿಯಲ್ಲಿ ವಂಶವೃಕ್ಷ ಕೇಳುತ್ತಿದ್ದಾರೆ. ಗ್ರಾಮ ಲೆಕ್ಕಿಗರು ಬಂದು ಮಹಜರು ಮಾಡಿ, ಅಕ್ಕಪಕ್ಕದವರ ಸಹಿ ತೆಗೆದುಕೊಂಡು ಹೋಗಿದ್ದಾರೆ. ನಮ್ಮ ಅಜ್ಜನ ತಮ್ಮನೊಬ್ಬರು ಬಹಳ ಹಿಂದೆ ಊರು ಬಿಟ್ಟವರು, ಅವರ ಕಡೆಯವರು ಎಲ್ಲಿದ್ದಾರೋ ಗೊತ್ತಿಲ್ಲ. ಅವರ ಹೆಸರನ್ನು ಮರದಲ್ಲಿ ತೋರಿಸಲೇಬೇಕೇ, ಬಿಟ್ಟರೆ ನಡೆಯುತ್ತದೆಯೇ? ಹೆಣ್ಣುಮಕ್ಕಳ ಹೆಸರನ್ನೂ ಬರೆಯಬೇಕು ಎಂದರು, ಬರೆದಿದ್ದೇವೆ.

ಓದುಗಬ್ಬ

ಸ್ವಾಮಿ, ಇಲ್ಲಿ ಕಾದಂಬರಿಯ ಚರ್ಚೆ ನಡೆಯುತ್ತಿದೆ.

ಮಧುಮಾಲತಿ

ಅವರನ್ನು ಓಡಿಸಬೇಡಿ! ನಮಗೆಲ್ಲ ಹೊಳೆಯದ ಅರ್ಥವನ್ನು ತಂದಿಟ್ಟಿದ್ದಾರೆ. ನಾವು ವಂಶವೃಕ್ಷ ಎಂದರೆ ಕುಲ, ಗೋತ್ರ, ಪಿತೃಋಣ ಎಂದು ಮೇಲೆ ಮೇಲೆ ಹಾರಾಡುತ್ತಿದ್ದೇವೆ. ಊರಿನ ಜನಕ್ಕೆ ವಂಶವೃಕ್ಷ ಎಂದರೆ ಜಮೀನು ಯಾರಿಗೆ ಸೇರುತ್ತದೆ ಎಂದು ತೋರಿಸುವ ಕಾಗದ.

ಈಗ ಕಾದಂಬರಿಗೆ ಬನ್ನಿ. ಶ್ರೋತ್ರಿಗಳ ಹುಟ್ಟಿನ ಗುಟ್ಟೇನು? ಅವರ ತಂದೆ ಹಿರಿಯ ನಂಜುಂಡ ಶ್ರೋತ್ರಿಗೂ ತಮ್ಮ ಕಿಟ್ಟಪ್ಪನಿಗೂ ಆಸ್ತಿಯ ಜಗಳ. ಅಣ್ಣನಿಗೆ ಮಕ್ಕಳಿಲ್ಲ, ಹೀಗೇ ಬಿಟ್ಟರೆ ಎಲ್ಲವೂ ತಮ್ಮನ ಕಡೆಗೆ ಹೋಗುತ್ತದೆ. ಅದನ್ನು ತಪ್ಪಿಸಲು ಹೆಂಡತಿ ಬೇರೊಬ್ಬನಿಂದ ಮಗು ಪಡೆಯುವಂತೆ ಆತನೇ ಏರ್ಪಾಡು ಮಾಡುತ್ತಾನೆ. ಮರ ಬೆಳೆಯಲಿ ಎಂದು ಹುಟ್ಟಿಸಿದ ಮಗುವಲ್ಲ ಅದು, ಹೊಲಮನೆ ಕೈತಪ್ಪಬಾರದು ಎಂದು ಹುಟ್ಟಿಸಿದ್ದು.

ನನಗೆ ಕಾಣುವಂತೆ ಹೆಸರು ಮಗುಚಿಕೊಳ್ಳುವುದು ಇಲ್ಲಿ. ಮೊದಲು ಅದು ಧರ್ಮದ ಮಾತು, ಕೊನೆಗೆ ಕಂದಾಯದ ಮಾತು. ಸತ್ಯ ತಿಳಿದ ಶ್ರೋತ್ರಿಗಳು ಮೊದಲು ಮಾಡುವುದೂ ಆಸ್ತಿಯ ಕೆಲಸವನ್ನೇ ಎಂಬುದನ್ನು ನೋಡಿ. ಇದು ನನ್ನದಲ್ಲ, ಕಿಟ್ಟಪ್ಪನ ಕಡೆಯವರದು ಎಂದು ಅವರ ಸಂತತಿಯನ್ನು ಹುಡುಕುತ್ತಾರೆ. ಸಿಗುವುದಿಲ್ಲ. ಆಮೇಲೆ ದಾನ ಮಾಡಿಬಿಡುತ್ತಾರೆ.

ಚಿತ್ರರಸಿಕ 71

ನಾನು ಕಾದಂಬರಿಯನ್ನು ಓದಿಲ್ಲ, ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಜೊತೆಯಾಗಿ ನಿರ್ದೇಶಿಸಿದ ಚಿತ್ರವನ್ನು ನೋಡಿದ್ದೇನೆ. ಇಬ್ಬರಿಗೂ ಆಗ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು. ನನಗೆ ಆಸ್ತಿ ಗೀಸ್ತಿ ಏನೂ ಮುಖ್ಯ ಅನಿಸಲಿಲ್ಲ. ಸಾಯುತ್ತಿರುವ ಕಾತ್ಯಾಯನಿಯ ಬಾಯಿಗೆ ಮಗ ಗಂಗೆಯನ್ನು ಬಿಡುವುದಿದೆಯಲ್ಲ, ಅಲ್ಲಿಗೆ ಮರ ಪೂರ್ಣವಾಯಿತು. ತಾಯಿಗೆ ಮರದಲ್ಲಿ ಮತ್ತೆ ಜಾಗ ಸಿಕ್ಕಿತು. ಹೆಸರಿನ ಕೊನೆಯ ಅರ್ಥ ಅದೇ. ಸುಖಾಂತ್ಯ ಎಂದರೂ ಸಲ್ಲುತ್ತದೆ.

ಸಿರಸಿ ಸೀಮೆ

ಸುಖಾಂತ್ಯವೇ? ಅವಳು ಸಾಯುತ್ತಿದ್ದಾಳೆ ಸ್ವಾಮಿ!

ಈ ಕಾದಂಬರಿಯನ್ನು ನಾನು ಸಿಟ್ಟಿನಿಂದಲೇ ಓದಿದವಳು, ಆ ಸಿಟ್ಟು ಇನ್ನೂ ಇಳಿದಿಲ್ಲ. ಹೆಸರಿನ ಅರ್ಥ ಬದಲಾಗುತ್ತದೆ ಎನ್ನುತ್ತೀರಿ, ಯಾರಿಗಾಗಿ ಬದಲಾಗುತ್ತದೆ? ಕಾತ್ಯಾಯನಿ ಮರುಮದುವೆಯಾಗುತ್ತಾಳೆ, ಮತ್ತೆ ಮತ್ತೆ ಗರ್ಭಪಾತವಾಗುತ್ತದೆ. ಹೊಸ ಮರದಲ್ಲಿ ಅವಳಿಂದ ಒಂದು ಚಿಗುರೂ ಬರದಂತೆ ಲೇಖಕರು ನೋಡಿಕೊಂಡಿದ್ದಾರೆ. ಹೆತ್ತ ಮಗ ಮೈಸೂರಿನ ಕಾಲೇಜಿನಲ್ಲಿ ಅವಳ ಎದುರಿಗೇ ವಿದ್ಯಾರ್ಥಿಯಾಗಿ ಕುಳಿತರೂ ತಾಯಿ ಎಂದು ಹತ್ತಿರ ಬರುವುದಿಲ್ಲ. ವಂಶದ ನಿಯಮವನ್ನು ಮೀರಿದ್ದಕ್ಕೆ ಅವಳು ದೇಹದಲ್ಲೇ ದಂಡ ತೆರುತ್ತಾಳೆ. ಅದೆಲ್ಲ ಆದ ಮೇಲೆ ಆ ವಂಶವೇ ಸುಳ್ಳು ಎಂದು ತಿಳಿಯುತ್ತದೆ, ಮಾವನವರಿಗೆ. ಅವರಿಗೆ ಸಿಗುವುದು ಸನ್ಯಾಸದ ಘನತೆ. ಅವಳಿಗೆ ಒಂದು ಉದ್ಧರಣೆ ನೀರು.

ಆ ಕಾಗದ ಅವಳು ಮಗುವನ್ನು ಬಿಟ್ಟುಹೋದ ದಿನಕ್ಕೆ ಮೊದಲೇ ಸಿಕ್ಕಿದ್ದರೆ? ಕಾದಂಬರಿ ಅಲ್ಲಿಗೇ ಮುಗಿಯುತ್ತಿತ್ತು. ಆದ್ದರಿಂದ ತಡವಾಗಿ ಸಿಗಬೇಕು. ಹೆಸರು ಹೀಗೆ ಮಗುಚಿಕೊಳ್ಳುವುದಕ್ಕೆ ಬೆಲೆ ಕೊಟ್ಟವಳು ಯಾರು ಎಂದು ನಾನು ಕೇಳುತ್ತೇನೆ.

ಹಳೆಯ ಮೇಷ್ಟರು

ಸಿರಸಿ ಸೀಮೆ ಅವರ ಸಿಟ್ಟು ನ್ಯಾಯವಾದದ್ದು, ಅವರು ಹೇಳಿದ ಕ್ರಮವೂ ಸರಿಯೇ. ಆದರೆ ಆ ಕ್ರಮವನ್ನು ಇನ್ನೊಂದು ಬಗೆಯಲ್ಲೂ ಓದಬಹುದು. ಕಾತ್ಯಾಯನಿಗೆ ಆದದ್ದು ವಂಶ ಮೀರಿದ್ದಕ್ಕೆ ಶಿಕ್ಷೆ ಎಂದು ಓದುಗ ಒಪ್ಪಿಕೊಂಡು ಕುಳಿತಿರುತ್ತಾನೆ. ಅವಳೂ ಹಾಗೆಂದು ಕೊರಗುತ್ತಾಳೆ. ಸರಿಯಾಗಿ ಆಗಲೇ ಲೇಖಕರು ಆ ಒಪ್ಪಿಗೆಯ ಬುಡಕ್ಕೆ ಕೈಹಾಕುತ್ತಾರೆ. ಮೀರಲು ಅಲ್ಲಿ ವಂಶವೇ ಇರಲಿಲ್ಲ ಎಂದಾದರೆ ಶಿಕ್ಷೆ ಯಾತಕ್ಕೆ? ಕಾದಂಬರಿ ಇದಕ್ಕೆ ಉತ್ತರ ಕೊಡುವುದಿಲ್ಲ. ಕೊಡಬೇಕಿತ್ತು ಎಂದು ನೀವು ಹೇಳಬಹುದು.

ಲಕ್ಷ್ಮಿಯ ಪ್ರಸಂಗವನ್ನು ಯಾರೂ ಎತ್ತಿಲ್ಲ. ಮಗನ ಹುಟ್ಟಿನ ನಂತರ ಭಾಗೀರತಮ್ಮನವರಿಗೆ ಮತ್ತೆ ಹೆರಿಗೆಯಾದರೆ ಜೀವಕ್ಕೆ ಅಪಾಯವೆಂದು ವೈದ್ಯರು ಹೇಳುತ್ತಾರೆ. ಆಕೆಯೇ ಗಂಡನಿಗೆ ಮನೆಯ ಕೆಲಸದ ಲಕ್ಷ್ಮಿಯನ್ನು ಸೂಚಿಸುತ್ತಾಳೆ. ಶ್ರೋತ್ರಿಗಳ ಮನಸ್ಸು ತುಯ್ದಾಡುತ್ತದೆ, ಕಡೆಗೆ ಅವರು ತಮ್ಮನ್ನು ತಾವು ಹಿಡಿದುಕೊಳ್ಳುತ್ತಾರೆ. ಮೊದಲ ಓದಿನಲ್ಲಿ ಅದು ದೊಡ್ಡ ಮನೆತನದವನ ಸಂಯಮ. ಕೊನೆಯನ್ನು ತಿಳಿದು ಓದಿದರೆ, ತನ್ನ ತಂದೆ ಬೇಲಿ ತೆಗೆದು ಪಡೆದದ್ದನ್ನು ಮಗ ಬೇಲಿ ಹಾಕಿಕೊಂಡು ಕಾಯುತ್ತಿದ್ದ ಎನಿಸುತ್ತದೆ. ಆ ಸಂಯಮ ಅವರಿಗೆ ರಕ್ತದಿಂದ ಬಂದದ್ದಲ್ಲ ಎಂಬುದೂ ಸಾಬೀತಾಗುತ್ತದೆ, ಅದು ಅವರೇ ಸಂಪಾದಿಸಿದ್ದು. ಶ್ರೋತ್ರಿ ಎಂಬ ಹೆಸರಿಗೆ ಆ ಮನೆಯಲ್ಲಿ ಅತ್ಯಂತ ಯೋಗ್ಯನಾದವನು ಆ ಮನೆಯ ರಕ್ತದವನಲ್ಲ.

ವಕೀಲ, ಧಾರವಾಡ

ತಡವಾಗಿ ಬಂದಿದ್ದೇನೆ. ‘ವಂಶವೇ ಇರಲಿಲ್ಲ’, ‘ಮರ ಸುಳ್ಳು’ ಎಂದು ಎಲ್ಲರೂ ಬಲು ಬೇಗ ತೀರ್ಪು ಕೊಟ್ಟಿದ್ದೀರಿ. ಶಾಸ್ತ್ರದ ಕಣ್ಣಿನಲ್ಲಿ ಅದು ಅಷ್ಟು ಸುಲಭವಲ್ಲ.

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬೀಜ ಮತ್ತು ಕ್ಷೇತ್ರದ ವಾದ ಬರುತ್ತದೆ. ಹೊಲ ಒಬ್ಬನದು, ಬಿತ್ತಿದವನು ಇನ್ನೊಬ್ಬ, ಬೆಳೆ ಯಾರದು? ಮೊದಲೇ ಒಪ್ಪಂದವಿಲ್ಲದಿದ್ದರೆ ಹೊಲದ ಒಡೆಯನದು ಎಂಬುದು ಅಲ್ಲಿಯ ನಿಲುವು. ಹನ್ನೆರಡು ಬಗೆಯ ಪುತ್ರರ ಪಟ್ಟಿಯಲ್ಲಿ ಸ್ವಂತ ಮಗನಾದ ಔರಸನ ನಂತರದ ಸ್ಥಾನವೇ ಹೆಂಡತಿ ಬೇರೊಬ್ಬನಿಂದ ಪಡೆದ ಕ್ಷೇತ್ರಜನಿಗೆ, ಅವನಿಗೆ ಆಸ್ತಿಯಲ್ಲಿ ಹಕ್ಕೂ ಇದೆ. ಆ ಲೆಕ್ಕದಲ್ಲಿ ಶ್ರೀನಿವಾಸ ಶ್ರೋತ್ರಿ ಹಿರಿಯ ನಂಜುಂಡ ಶ್ರೋತ್ರಿಯ ಮಗನೇ. ಧೃತರಾಷ್ಟ್ರ, ಪಾಂಡು ಹುಟ್ಟಿದ್ದು ವ್ಯಾಸನಿಂದ, ಅವರನ್ನು ಕುರುವಂಶದವರಲ್ಲ ಎಂದು ಯಾರು ಹೇಳುತ್ತಾರೆ?

ನಮ್ಮ ಕಾಲದ ಕಾನೂನು ಇನ್ನೂ ಗಟ್ಟಿ. 1872ರ ಸಾಕ್ಷ್ಯ ಅಧಿನಿಯಮದ 112ನೆಯ ಕಲಮಿನಲ್ಲಿದ್ದ, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯ ಕಲಮಿನಲ್ಲಿರುವ ನಿಯಮದ ಪ್ರಕಾರ ದಾಂಪತ್ಯ ಇರುವಾಗ ಹುಟ್ಟಿದ ಮಗು ಗಂಡನದೇ. ಆ ಕಾಲದಲ್ಲಿ ಗಂಡಹೆಂಡಿರು ಕೂಡುವ ಅವಕಾಶವೇ ಇರಲಿಲ್ಲ ಎಂದು ಸಾಬೀತು ಮಾಡದೆ ಅದನ್ನು ಅಲ್ಲಗಳೆಯಲು ಆಗುವುದಿಲ್ಲ. ಹಳೆಯ ಕಾಗದವೊಂದನ್ನು ಹಿಡಿದುಕೊಂಡು ಯಾರಾದರೂ ದಾವೆ ಹೂಡಿದ್ದರೆ ಶ್ರೋತ್ರಿಗಳ ಪರವಾಗಿ ನಾನು ಒಂದೇ ಮಧ್ಯಾಹ್ನದಲ್ಲಿ ವಾದ ಮುಗಿಸುತ್ತಿದ್ದೆ.

ಶಾಸ್ತ್ರದಲ್ಲೂ ದಾರಿ ಇದೆ, ಕಾನೂನಿನಲ್ಲೂ ದಾರಿ ಇದೆ. ಅಂದ ಮೇಲೆ ಮರ ತಾನಾಗಿ ಬೀಳಲಿಲ್ಲ. ಶ್ರೋತ್ರಿಗಳೇ ಕಡಿದರು.

ಕಪಿಲಾತೀರ

ಇದು ನನ್ನ ಪ್ರಶ್ನೆಯನ್ನೇ ಬದಲಿಸಿಬಿಟ್ಟಿತು. ಹೆಸರು ಮಗುಚಿಕೊಳ್ಳುವುದು ಕಾಗದ ಸಿಕ್ಕಾಗಲ್ಲ, ಆ ಕಾಗದವನ್ನು ಅವರು ಹೇಗೆ ಓದಿಕೊಳ್ಳುತ್ತಾರೆ ಎನ್ನುವಲ್ಲಿ ಎಂದಾಯಿತು. ಆದರೆ ಶಾಸ್ತ್ರವನ್ನು ಅರೆದು ಕುಡಿದವರಿಗೆ ಕ್ಷೇತ್ರಜನ ಮಾತು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಏಕೆ ಹಿಡಿದುಕೊಳ್ಳಲಿಲ್ಲ?

ಹಳೆಯ ಮೇಷ್ಟರು

ವಕೀಲರು ಅರ್ಧ ಶಾಸ್ತ್ರವನ್ನು ಹೇಳಿದರು, ಕಕ್ಷಿದಾರನಿಗೆ ಬೇಕಾದ ಅರ್ಧ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ, ಹೀಗೆ ಬೇರೊಬ್ಬನಿಂದ ಮಗು ಪಡೆಯುವ ನಿಯೋಗವನ್ನು ಪಶುಧರ್ಮವೆಂದು ತೆಗಳುವ ಶ್ಲೋಕಗಳೂ ಇವೆ. ನಂತರದ ನಿಬಂಧಕಾರರು ಅದನ್ನು ಕಲಿಯುಗದಲ್ಲಿ ಮಾಡಬಾರದ ಕಲಿವರ್ಜ್ಯಗಳ ಪಟ್ಟಿಗೆ ಸೇರಿಸಿ ಬಾಗಿಲು ಮುಚ್ಚಿದರು. ಶ್ರೋತ್ರಿಗಳಂಥವರು ಓದಿ ಬೆಳೆದದ್ದು ಆ ಪರಂಪರೆಯಲ್ಲಿ.

ಅದಕ್ಕಿಂತ ಮುಖ್ಯವಾದದ್ದು ಉದ್ದೇಶ. ನಿಯೋಗವನ್ನು ಒಪ್ಪುವ ಕಡೆಯೂ ಅದು ಸಂತಾನಕ್ಕಾಗಿ ಮಾತ್ರ, ಹಿರಿಯರ ಅಪ್ಪಣೆಯಿಂದ, ಕಾಮವಿಲ್ಲದೆ ನಡೆಯಬೇಕೆಂಬ ಕಟ್ಟುಪಾಡಿದೆ. ಗಂಡನ ತಮ್ಮನೋ ಸಪಿಂಡನೋ ಅದಕ್ಕೆ ಸಲ್ಲುವವನು. ಇಲ್ಲಿ ನೋಡಿ, ತಮ್ಮನಿಂದ ಮಗು ಪಡೆಯುವುದಿರಲಿ, ತಮ್ಮನಿಗೆ ದ್ರೋಹ ಬಗೆಯುವುದಕ್ಕಾಗಿಯೇ ಮಗು! ನಿಯೋಗದ ವೇಷವೂ ಇದಕ್ಕೆ ಒಪ್ಪುವುದಿಲ್ಲ. ಶ್ರೋತ್ರಿಗಳನ್ನು ಹಣ್ಣು ಮಾಡಿದ್ದು ಬೇರೊಬ್ಬನ ರಕ್ತ ಎಂಬ ಸಂಗತಿಯಷ್ಟೇ ಅಲ್ಲ, ತಮ್ಮ ಹುಟ್ಟೇ ಒಂದು ದಾಯಾದಿ ಮತ್ಸರದ ಸಾಧನವಾಗಿತ್ತು ಎಂಬುದು. ಆದ್ದರಿಂದ ಮಧುಮಾಲತಿ ಅವರ ಮಾತನ್ನು ನಾನು ಒಪ್ಪುತ್ತೇನೆ. ನಿಯೋಗದ ಪ್ರಶ್ನೆಯನ್ನು ಭೈರಪ್ಪನವರು 1979ರ ‘ಪರ್ವ’ದಲ್ಲಿ ಮತ್ತೆ ಕೈಗೆತ್ತಿಕೊಂಡರು. ಅಲ್ಲಿ ಅದು ರಾಜ್ಯದ ಪ್ರಶ್ನೆ, ಇಲ್ಲಿ ಒಂದು ಮನೆಯ ಪ್ರಶ್ನೆ.

ವಕೀಲ, ಧಾರವಾಡ

ಉದ್ದೇಶ ಕೆಟ್ಟದ್ದಾದರೆ ಹುಟ್ಟಿದ ಮಗುವಿನ ಹಕ್ಕು ಹೋಗುತ್ತದೆ ಎಂದು ಯಾವ ಸ್ಮೃತಿಯಲ್ಲಿದೆ? ತಂದೆಯ ತಪ್ಪಿಗೆ ಮಗ ಏಕೆ ಮನೆ ಬಿಡಬೇಕು? ಒಪ್ಪುವುದಿಲ್ಲ ಮೇಷ್ಟ್ರೇ. ಶ್ರೋತ್ರಿಗಳದ್ದು ಧರ್ಮಸೂಕ್ಷ್ಮವಷ್ಟೇ ಅಲ್ಲ, ಸ್ವಲ್ಪ ಹಟವೂ ಇದೆ.

ಮಧುಮಾಲತಿ

ರಾಜನ ಅಣ್ಣ ಸದಾಶಿವರಾವ್ ಕಡೆಗೆ ಯಾರೂ ತಿರುಗಿಯೇ ನೋಡಿಲ್ಲ. ಅರ್ಧ ಕಾದಂಬರಿ ಅವರದ್ದು. ಭಾರತದ ಸಾಂಸ್ಕೃತಿಕ ಇತಿಹಾಸವನ್ನು ಸಂಪುಟಗಳಲ್ಲಿ ಬರೆಯಹೊರಟ ಪ್ರಾಧ್ಯಾಪಕ. ಮನೆಯಲ್ಲಿ ನಾಗಲಕ್ಷ್ಮಿ, ಮಗ ಪೃಥ್ವಿ. ಗ್ರಂಥ ಬೆಳೆಯುವುದು ಸಿಂಹಳದಿಂದ ಬಂದ ಸಂಶೋಧನಾ ವಿದ್ಯಾರ್ಥಿನಿ ಕರುಣರತ್ನೆಯ ಜೊತೆ, ಅವಳನ್ನು ಮದುವೆಯೂ ಆಗುತ್ತಾರೆ. ಅಲ್ಲಿ ಸಂತಾನವೆಂದರೆ ಸಂಪುಟಗಳೇ. ಶ್ರೋತ್ರಿಗಳ ಮರ ರಕ್ತದ್ದು, ರಾಯರ ಮರ ಕಾಗದದ್ದು ಎಂದು ಮೊದಲ ಓದಿನಲ್ಲಿ ಅನಿಸುತ್ತದೆ. ಕೊನೆಗೆ ನೋಡಿದರೆ ಶ್ರೋತ್ರಿಗಳದ್ದೂ ಕಾಗದದ್ದೇ!

ಚಿತ್ರರಸಿಕರು ಹೇಳಿದ್ದರಲ್ಲಿ ಒಂದು ಎಳೆ ನಿಜ. ಹಳೆಯ ಮನೆಗಳಲ್ಲಿ ಬರೆದಿಟ್ಟ ವಂಶವೃಕ್ಷಗಳಲ್ಲಿ ಅಪ್ಪ, ಮಗ, ಮೊಮ್ಮಗ ಎಂದು ಗಂಡಸರ ಹೆಸರುಗಳೇ ಸಾಲಾಗಿರುತ್ತವೆ. ಹೆತ್ತವಳ ಹೆಸರಿಗೆ ಜಾಗವಿಲ್ಲ. ಆದರೆ ಈ ಕಾದಂಬರಿಯಲ್ಲಿ ಸಂದೇಹವಿಲ್ಲದ ಸಂಬಂಧ ಎಂದರೆ ಹೆತ್ತವಳದ್ದು ಮಾತ್ರ. ಶ್ರೋತ್ರಿಗಳು ಯಾರ ಮಗನಾದರೂ ಆಗಿರಲಿ, ತಮ್ಮ ತಾಯಿಯ ಮಗನಂತೂ ಹೌದು. ಚೀನಿ ಕಾತ್ಯಾಯನಿಯ ಮಗ ಎಂಬುದನ್ನು ಯಾವ ಕಾಗದವೂ ಅಳಿಸಲಾರದು. ಸನ್ಯಾಸಕ್ಕೆ ಹೊರಟ ಶ್ರೋತ್ರಿಗಳೇ ಮೊಮ್ಮಗನ ಕೈಯಿಂದ ಅವಳ ಬಾಯಿಗೆ ನೀರು ಬಿಡಿಸುವುದಕ್ಕೆ ಅರ್ಥ ಬರುವುದು ಆಗ.

ಸಿರಸಿ ಸೀಮೆ

ಅಲ್ಲಿಯೂ ಅಪ್ಪಣೆ ಕೊಡುವವರು ಶ್ರೋತ್ರಿಗಳೇ ಎಂಬುದನ್ನು ಮರೆಯಬೇಡಿ. ಚೀನಿ ತಾನಾಗಿ ಅಮ್ಮ ಎಂದು ಹತ್ತಿರ ಹೋದನೇ? ಮರದಿಂದ ಹೊರಬಿದ್ದ ಮೇಲೂ ಮರದ ಯಜಮಾನಿಕೆಯನ್ನು ಅವರೇ ನಡೆಸುತ್ತಾರೆ.

ಖಾತೆ ಅಲೆದಾಟ

ಎಲ್ಲರ ಬರಹವನ್ನೂ ಓದಿದೆ. ಆ ಕಾದಂಬರಿಯಲ್ಲೂ ಊರುಬಿಟ್ಟ ಒಬ್ಬ ತಮ್ಮ, ಅವನ ಕಡೆಯವರು ಸಿಗದಿರುವುದು ಎಲ್ಲ ಇದೆ ಎಂದು ಗೊತ್ತಿರಲಿಲ್ಲ. ನನ್ನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಅಜ್ಜನ ತಮ್ಮನ ಹೆಸರನ್ನು ಬಿಡಬಹುದೇ?

ವಕೀಲ, ಧಾರವಾಡ

ಬಿಡಬೇಡಿ. ನೀವು ಕೊಡುವುದು ಪ್ರಮಾಣ ಮಾಡಿ ಬರೆದ ಕಾಗದ, ಗೊತ್ತಿದ್ದೂ ಬಿಟ್ಟರೆ ಸುಳ್ಳು ಪ್ರಮಾಣವಾಗುತ್ತದೆ. ಹೆಸರು ಬಿಟ್ಟ ಮಾತ್ರಕ್ಕೆ ಅವರ ಹಕ್ಕು ಹೋಗುವುದಿಲ್ಲ, ನಾಳೆ ಅವರ ಮೊಮ್ಮಕ್ಕಳು ತಕರಾರು ಹಾಕಿದರೆ ನಿಮಗೇ ತೊಂದರೆ. ಎಲ್ಲಿದ್ದಾರೆಂದು ತಿಳಿಯದಿದ್ದರೆ ಹಾಗೆಂದೇ ಬರೆಯಿರಿ. ಮೊದಲು ಆ ಜಮೀನು ನಿಮ್ಮ ಅಜ್ಜನ ಪಾಲಿಗೆ ವಿಭಾಗವಾಗಿ ಬಂದದ್ದೋ, ಇಬ್ಬರ ಜಂಟಿಯಲ್ಲೇ ಉಳಿದದ್ದೋ ಎಂದು ಹಳೆಯ ಪಹಣಿ ಮತ್ತು ಮ್ಯುಟೇಷನ್ ತೆಗೆಸಿ ನೋಡಿ. ವಿಭಾಗವಾಗಿದ್ದರೆ ನಿಮ್ಮ ಚಿಂತೆ ಅರ್ಧ ಕಳೆಯಿತು.

ಓದುಗಬ್ಬ

ನಾನು ಅವರನ್ನು ಗದರಿಸಬಾರದಿತ್ತೇನೋ. ಒಂದು ಮಾತು ಮಾತ್ರ ಉಳಿದಿದೆ. ಕಿಟ್ಟಪ್ಪನ ಸಂತತಿ ಸಿಕ್ಕಿಬಿಟ್ಟಿದ್ದರೆ ಕಾದಂಬರಿಗೆ ಈ ಹೆಸರು ಸಲ್ಲುತ್ತಿತ್ತೇ? ಆಗ ನಿಜವಾದ ಮರ ಎಲ್ಲೋ ಬದುಕಿದೆ, ಆಸ್ತಿ ಅಲ್ಲಿಗೆ ಸೇರಿತು ಎಂದು ಲೆಕ್ಕ ಚುಕ್ತವಾಗುತ್ತಿತ್ತು. ಅವರು ಸಿಗದಿರುವುದರಿಂದಲೇ ಹೆಸರು ಯಾರ ಕೈಗೂ ದಕ್ಕದೆ ಉಳಿಯುತ್ತದೆ ಎಂದು ನನಗನ್ನಿಸುತ್ತದೆ.

ಹಳೆಯ ಮೇಷ್ಟರು

ಅದು ಒಳ್ಳೆಯ ಮಾತು. ಆದರೆ ಚೀನಿಯನ್ನು ಎಲ್ಲಿಡುತ್ತೀರಿ? ಅವನು ಶ್ರೋತ್ರಿಗಳ ಮೊಮ್ಮಗ ಎಂಬುದರಲ್ಲಿ ಅನುಮಾನವಿಲ್ಲ, ಆಸ್ತಿಯಿಲ್ಲ, ಕುಲದ ಹೆಸರಿಗೆ ಆಧಾರವಿಲ್ಲ. ಮರ ಅಜ್ಜನಿಗೆ ಮುಗಿಯಿತೋ ಅಜ್ಜನಿಂದ ಶುರುವಾಯಿತೋ ಎಂಬುದನ್ನು ನಾನು ಹಲವು ವರ್ಷ ತರಗತಿಯಲ್ಲಿ ಕೇಳುತ್ತಿದ್ದೆ. ಹುಡುಗರು ಎರಡು ಪಂಗಡವಾಗಿ ಗಂಟೆ ಬಾರಿಸುವವರೆಗೂ ಜಗಳವಾಡುತ್ತಿದ್ದರು.

ಸಿರಸಿ ಸೀಮೆ

ಹುಡುಗಿಯರು ಏನು ಹೇಳುತ್ತಿದ್ದರು ಮೇಷ್ಟ್ರೇ?